ದ್ರವನಬಿಂದುವಿನ ಒರೆಗಲ್ಲು

ಬೆಂಜೋಯಿಕ್ ಆಮ್ಲದ ದ್ರವನಬಿಂದು 122.4 ಡಿಗ್ರಿ ಸೆಲ್ಸಿಯಸ್ ಎಂದು ರಸಾಯನಶಾಸ್ತ್ರದ ಕೈಪಿಡಿಗಳೆಲ್ಲ ಒಕ್ಕೊರಲಿನಿಂದ ಹೇಳುತ್ತವೆ. ಆದರೆ ಒಂದೇ ಶೀಶೆಯಿಂದ ಚಿಟಿಕೆಯಷ್ಟು ಪುಡಿಯನ್ನು ತೆಗೆದುಕೊಂಡು, ಒಂದೇ ಪ್ರಯೋಗಶಾಲೆಯ ಎರಡು ಮೇಜುಗಳ ಮೇಲೆ ಇಬ್ಬರು ವಿದ್ಯಾರ್ಥಿಗಳು ಅದನ್ನು ಅಳೆಯಹೊರಟಾಗ ಒಬ್ಬನಿಗೆ 121 ಎಂದೂ ಇನ್ನೊಬ್ಬಳಿಗೆ 125 ಎಂದೂ ಬರುವುದು ಅಪರೂಪವಲ್ಲ. ಇಬ್ಬರೂ ಶ್ರದ್ಧಾವಂತರೇ, ವಸ್ತುವೂ ನಿರ್ಮಲವಾದದ್ದೇ, ಇಬ್ಬರ ಕಣ್ಣಿಗೆ ಬಿದ್ದದ್ದೂ ಒಂದೇ ಬಗೆಯ ಕರಗುವಿಕೆ. ಹೀಗಿರುವಾಗ ಆ ನಾಲ್ಕು ಡಿಗ್ರಿಗಳ ಅಂತರವು ಹರಳಿನಲ್ಲಿ ಹುಟ್ಟಿದ್ದಲ್ಲ, ಅಳೆಯುವ ವಿಧಾನದಲ್ಲಿ ಹುಟ್ಟಿದ್ದು ಎಂಬುದು ನಿಶ್ಚಯ. ಅದು ಎಲ್ಲಿ ಹುಟ್ಟಿತು, ಅದನ್ನು ಹೇಗೆ ಗುರುತಿಸಬೇಕು, ಗುರುತಿಸಿದ ಮೇಲೆ ಹೇಗೆ ಲೆಕ್ಕಕ್ಕೆ ತರಬೇಕು ಎಂಬುದೇ ಈ ಅಧ್ಯಾಯದ ವಿಷಯ.

ಈ ಅಂಕೆಗೆ ಇಷ್ಟು ಬೆಲೆ ಬಂದದ್ದು ಹೊಸದಾಗಿಯೇನೂ ಅಲ್ಲ. ಫ್ರಾನ್ಸಿನ ಶೆವ್ರೂಲ್ ಕೊಬ್ಬುಗಳಿಂದ ಆಮ್ಲಗಳನ್ನು ಒಂದೊಂದಾಗಿ ಬೇರ್ಪಡಿಸಿ 1823ರಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿದಾಗ, ತನ್ನ ಕೈಯಲ್ಲಿರುವುದು ಒಂದೇ ವಸ್ತುವೋ ಅಥವಾ ಎರಡರ ಮಿಶ್ರಣವೋ ಎಂಬುದನ್ನು ತಿಳಿಯಲು ಅವನು ಆಶ್ರಯಿಸಿದ ಸಾಧನಗಳಲ್ಲಿ ದ್ರವನಬಿಂದುವು ಮುಖ್ಯವಾದುದು. ಶುದ್ಧವಸ್ತು ಒಂದು ನಿಯತವಾದ ತಾಪದಲ್ಲಿ ಕರಗುತ್ತದೆ. ಅದರಲ್ಲಿ ಪರಕೀಯ ವಸ್ತುವೊಂದು ಬೆರೆತಿದ್ದರೆ ಸಾಮಾನ್ಯವಾಗಿ ಅದಕ್ಕಿಂತ ಕೆಳಗೇ ಕರಗಲಾರಂಭಿಸಿ, ಹಲವು ಡಿಗ್ರಿಗಳ ಉದ್ದಕ್ಕೂ ಮೆತ್ತಗಾಗುತ್ತ ಹೋಗುತ್ತದೆ. ಈ ತತ್ತ್ವವು ಸರಳವಾದದ್ದು. ಆದರೆ ‘ಕೆಳಗೆ’ ಎಂದು ಹೇಳಬೇಕಾದರೆ ಯಾವುದಕ್ಕಿಂತ ಕೆಳಗೆ ಎಂಬುದು ಗೊತ್ತಿರಬೇಕಷ್ಟೆ. ತಾಪಮಾಪಕವೇ ಒಂದು ಡಿಗ್ರಿ ತಪ್ಪು ಹೇಳುತ್ತಿದ್ದರೆ ಶುದ್ಧವಾದದ್ದು ಅಶುದ್ಧವೆಂಬ ಅಪವಾದಕ್ಕೆ ಗುರಿಯಾಗುತ್ತದೆ, ಅಶುದ್ಧವಾದದ್ದು ಶುದ್ಧವೆನ್ನಿಸಿಕೊಂಡು ಮುಂದಿನ ಪ್ರಯೋಗಕ್ಕೆ ಹೋಗುತ್ತದೆ.

ನಮ್ಮ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಇಂದಿಗೂ ಕಾಣಸಿಗುವ ಥೀಲೆ ನಳಿಗೆಯನ್ನೇ ಮುಂದಿಟ್ಟುಕೊಂಡು ವಿಚಾರಿಸೋಣ. ಜರ್ಮನಿಯ ಯೊಹಾನೆಸ್ ಥೀಲೆ 1907ರಲ್ಲಿ ವರ್ಣಿಸಿದ ಈ ಸಲಕರಣೆ ನೋಟಕ್ಕೆ ಅತ್ಯಂತ ಸಾಮಾನ್ಯವಾದುದು: ಒಂದು ದಪ್ಪ ಪರೀಕ್ಷಾನಳಿಗೆ, ಅದರ ಒಂದು ಪಕ್ಕದಲ್ಲಿ ಹಿಡಿಯಂತೆ ಬಾಗಿ ಮೇಲೊಂದು ಕಡೆ, ಕೆಳಗೊಂದು ಕಡೆ ಕೂಡಿಕೊಂಡ ಕೊಳವೆ. ಇದರಲ್ಲಿ ಮೇಲಿನ ಕೂಡುಗೆ ಮುಳುಗುವಷ್ಟು ದ್ರವ ಪ್ಯಾರಾಫಿನ್ ತುಂಬಿ, ಪಕ್ಕದ ಕೊಳವೆಯ ಬಾಗಿಗೆ ಸಣ್ಣ ಜ್ವಾಲೆಯನ್ನು ಹಿಡಿದರೆ, ಕಾದ ಎಣ್ಣೆ ಹಗುರಾಗಿ ಮೇಲೇರಿ ನಳಿಗೆಯೊಳಕ್ಕೆ ಬಂದು, ಅಲ್ಲಿ ಕೆಳಗಿಳಿದು, ಮತ್ತೆ ಬಾಗಿಗೆ ಮರಳುತ್ತದೆ. ಕಲಕುವ ಕಡ್ಡಿಯಿಲ್ಲದೆಯೇ ಎಣ್ಣೆಯು ತನ್ನಷ್ಟಕ್ಕೆ ತಾನೇ ಸುತ್ತುತ್ತಿರುವಂತೆ ಏರ್ಪಡಿಸಿದ್ದೇ ಥೀಲೆಯ ಜಾಣ್ಮೆ. ತಾಪಮಾಪಕದ ಬುರುಡೆಯು ಮೇಲಿನ ಕೂಡುಗೆಗೆ ತುಸು ಕೆಳಗೆ, ಗಾಜನ್ನು ಎಲ್ಲಿಯೂ ಮುಟ್ಟದಂತೆ, ಆ ಪ್ರವಾಹದ ನಡುವೆ ನಿಲ್ಲಬೇಕು. ಅದನ್ನು ಹಿಡಿದಿರುವ ಬಿರಡೆಗೆ ಒಂದು ಸೀಳು ಇರತಕ್ಕದ್ದು. ಬಾಯಿಯನ್ನು ಬಿಗಿಯಾಗಿ ಮುಚ್ಚಿ ಕಾಯಿಸಿದರೆ ಒಳಗಿನ ಗಾಳಿ ಹಿಗ್ಗಿ ನಳಿಗೆ ಸಿಡಿದೀತು. ಮೇಲಾಗಿ ಸೀಳಿನ ಮೂಲಕ ಅಂಕೆಗಳನ್ನು ಓದುವುದಕ್ಕೂ ಅನುಕೂಲವಾಗುತ್ತದೆ.

ಪರೀಕ್ಷಿಸಬೇಕಾದ ಪುಡಿಯು ಒಂದು ಲೋಮನಾಳದಲ್ಲಿರುತ್ತದೆ. ಅದು ಒಳವ್ಯಾಸ ಸುಮಾರು 1 ಮಿಲಿಮೀಟರ್ ಇರುವ, ಗೋಡೆ ತೆಳುವಾಗಿರುವ, ಒಂದು ತುದಿಯನ್ನು ಜ್ವಾಲೆಯಲ್ಲಿ ಮುಚ್ಚಿದ ಗಾಜಿನ ಎಳೆ. ತೆರೆದ ಬಾಯಿಯನ್ನು ಪುಡಿಯಲ್ಲಿ ಒತ್ತಿ, ತಲೆಕೆಳಗು ಮಾಡಿ, ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿದ ಉದ್ದನೆಯ ಗಾಜಿನ ಕೊಳವೆಯೊಳಗಿಂದ ಕೆಲವು ಬಾರಿ ಬೀಳಿಸಿದರೆ, ಅದು ಪುಟಿಪುಟಿದು ಪುಡಿಯನ್ನು ತಳಕ್ಕೆ ಒತ್ತೊತ್ತಾಗಿ ಕೂಡಿಸುತ್ತದೆ. ತಳದಲ್ಲಿ 2 ಅಥವಾ 3 ಮಿಲಿಮೀಟರ್ ಎತ್ತರದ ಪುಡಿ ನಿಂತರೆ ಸಾಕು. ಅದಕ್ಕಿಂತ ಹೆಚ್ಚಾದರೆ ಕರಗಲು ಹೆಚ್ಚು ಉಷ್ಣ ಬೇಕಾಗುತ್ತದೆ. ಸಡಿಲವಾಗಿ ಕೂತಿದ್ದರೆ ಹರಳುಗಳ ನಡುವಣ ಗಾಳಿಯು ಉಷ್ಣದ ಸಂಚಾರಕ್ಕೆ ಅಡ್ಡಿಯಾಗುತ್ತದೆ. ಇವೆರಡೂ ಮುಂದೆ ಹೇಳಲಿರುವ ಲೆಕ್ಕವನ್ನು ಕೆಡಿಸುವಂಥವು. ಲೋಮನಾಳವನ್ನು ತಾಪಮಾಪಕಕ್ಕೆ ಒಂದು ಸಣ್ಣ ರಬ್ಬರಿನ ಉಂಗುರದಿಂದ ಕಟ್ಟಿ, ಪುಡಿಯು ಬುರುಡೆಯ ನಟ್ಟನಡುವಿಗೆ ಸಮನಾಗಿ ನಿಲ್ಲುವಂತೆ ಹೊಂದಿಸುವರು. ಕಾದಾಗ ಎಣ್ಣೆ ಹಿಗ್ಗಿ ಮೇಲೇರುತ್ತದಾದ್ದರಿಂದ ಆ ಉಂಗುರವನ್ನು ಎಣ್ಣೆಯ ಮಟ್ಟದಿಂದ ಸಾಕಷ್ಟು ಮೇಲಕ್ಕೆ ಇರಿಸುವುದು ಒಳ್ಳೆಯದು. ಬಿಸಿ ಎಣ್ಣೆ ತಗುಲಿದ ರಬ್ಬರು ಉಬ್ಬಿ ಸಡಿಲವಾಗಿ ಲೋಮನಾಳವನ್ನು ಜಾರಿಸಿಬಿಡುತ್ತದೆ.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ಕರಗುತ್ತಿರುವುದು ಲೋಮನಾಳದೊಳಗಿನ ಹರಳು. ನಾವು ಓದುತ್ತಿರುವುದು ಪಾದರಸದ ತಾಪ. ಇವೆರಡಕ್ಕೂ ನಡುವೆ ಇರುವುದು ಎಣ್ಣೆ. ಹರಳಿನ ತಾಪವನ್ನು ನಾವು ನೇರವಾಗಿ ಎಂದೂ ಓದುವುದಿಲ್ಲ. ಓದಿದ ಅಂಕೆಯು ಹರಳಿನ ಅಂಕೆಯಾಗಬೇಕಾದರೆ ಎರಡು ಸಂಗತಿಗಳು ಸರಿಯಾಗಿರಬೇಕು: ತಾಪಮಾಪಕವು ಎಣ್ಣೆಯ ತಾಪವನ್ನು ನಿಜವಾಗಿ ಹೇಳಬೇಕು, ಎಣ್ಣೆಯೂ ಹರಳೂ ಒಂದೇ ತಾಪದಲ್ಲಿರಬೇಕು. ವಾಸ್ತವದಲ್ಲಿ ಎರಡೂ ನಡೆಯುವುದಿಲ್ಲ. ಮೊದಲನೆಯ ದೋಷ ತಾಪಮಾಪಕಕ್ಕೆ ಸೇರಿದ್ದು, ಎರಡನೆಯದು ಕಾಯಿಸುವ ವೇಗಕ್ಕೆ ಸೇರಿದ್ದು. ಪಾಠದ ಪುಸ್ತಕಗಳು ಇವನ್ನು ಬೇರೆ ಬೇರೆ ಪುಟಗಳಲ್ಲಿ ಹೇಳುವುದರಿಂದ ಇವು ಪರಸ್ಪರ ಸಂಬಂಧವಿಲ್ಲದವೆಂಬ ಭಾವನೆ ಓದುಗರಲ್ಲಿ ನಿಲ್ಲುತ್ತದೆ. ಇವು ಒಂದರೊಡನೊಂದು ಹೆಣೆದುಕೊಂಡಿವೆ. ಒಂದನ್ನು ಬಿಟ್ಟು ಇನ್ನೊಂದನ್ನು ತಿದ್ದಲು ಹೋದವರಿಗೆ ತಪ್ಪು ಅಂಕೆಯೇ ಸಿಗುವುದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ತಾಪಮಾಪಕವನ್ನು ನೋಡೋಣ. ಗೆರೆಗಳನ್ನು ಕೊರೆಯುವಾಗ ಆದ ಸಣ್ಣಪುಟ್ಟ ಲೋಪಗಳನ್ನು ಪಕ್ಕಕ್ಕಿಟ್ಟರೂ, ಅದರಲ್ಲಿ ಒಂದು ಅನಿವಾರ್ಯವಾದ ದೋಷವಿದೆ. ಬಹುಪಾಲು ತಾಪಮಾಪಕಗಳ ಗೆರೆಗಳು ಪಾದರಸದ ಕಂಬವೆಲ್ಲವೂ ಕಾದ ದ್ರವದೊಳಗೆ ಮುಳುಗಿದೆಯೆಂಬ ಎಣಿಕೆಯಿಂದ ಕೊರೆದವು. ಥೀಲೆ ನಳಿಗೆಯಲ್ಲಾದರೋ ಬುರುಡೆಯೂ ಅದರ ಮೇಲಿನ ಸ್ವಲ್ಪ ಭಾಗವೂ ಮಾತ್ರ ಎಣ್ಣೆಯಲ್ಲಿರುತ್ತವೆ. ಉಳಿದ ಕಂಬವು ಹೊರಗಿನ ತಣ್ಣನೆಯ ಗಾಳಿಯಲ್ಲಿದ್ದು, ಹಿಗ್ಗಬೇಕಾದಷ್ಟು ಹಿಗ್ಗದೆ, ನಿಜಕ್ಕಿಂತ ಕಡಿಮೆ ತಾಪವನ್ನು ತೋರಿಸುತ್ತದೆ. ಗಾಜಿನೊಳಗಿನ ಪಾದರಸವು ಪ್ರತಿ ಡಿಗ್ರಿಗೂ ತನ್ನ ಉದ್ದದ 0.00016 ಭಾಗದಷ್ಟು ಹಿಗ್ಗುವಂತೆ ತೋರುವುದರಿಂದ, ಈ ಕೊರತೆಯನ್ನು ಲೆಕ್ಕಹಾಕಬಹುದು. ಹೊರಗಿರುವ ಕಂಬವು ಎಷ್ಟು ಡಿಗ್ರಿ ಗೆರೆಗಳಷ್ಟು ಉದ್ದವಿದೆಯೋ ಅದನ್ನು, ಬುರುಡೆಗೂ ಆ ಕಂಬದ ನಡುಭಾಗಕ್ಕೂ ಇರುವ ತಾಪದ ವ್ಯತ್ಯಾಸದಿಂದ ಗುಣಿಸಿ, ಬಂದದ್ದನ್ನು 0.00016ರಿಂದ ಗುಣಿಸಿದರೆ ಆಯಿತು. ಬೆಂಜೋಯಿಕ್ ಆಮ್ಲವು ಕರಗುವ ವೇಳೆಗೆ 100 ಡಿಗ್ರಿಗಳಷ್ಟು ಉದ್ದದ ಕಂಬ ಹೊರಗಿದೆಯೆಂದೂ, ಅದರ ನಡುಭಾಗಕ್ಕೆ ಒತ್ತಿ ಕಟ್ಟಿದ ಇನ್ನೊಂದು ಸಣ್ಣ ತಾಪಮಾಪಕವು 50 ಡಿಗ್ರಿ ತೋರಿಸುತ್ತಿದೆಯೆಂದೂ ಭಾವಿಸೋಣ. ಆಗ 100ನ್ನು 72ರಿಂದಲೂ 0.00016ರಿಂದಲೂ ಗುಣಿಸಿದರೆ 1.15 ಡಿಗ್ರಿ ಬರುತ್ತದೆ. ಎಂದರೆ ತಾಪಮಾಪಕವು ಯಾವ ಲೋಪವೂ ಇಲ್ಲದೆ ತಯಾರಾಗಿದ್ದರೂ, ಇರುವ ಸ್ಥಿತಿಯ ಕಾರಣದಿಂದಲೇ ಒಂದು ಡಿಗ್ರಿಗೂ ಮಿಗಿಲಾಗಿ ಕಡಿಮೆ ಹೇಳುತ್ತಿದೆ. 159 ಡಿಗ್ರಿಗೆ ಕರಗುವ ಸ್ಯಾಲಿಸಿಲಿಕ್ ಆಮ್ಲದ ಹೊತ್ತಿಗೆ ಇದೇ ಕೊರತೆ ಎರಡು ಡಿಗ್ರಿಗಳನ್ನು ದಾಟುತ್ತದೆ. 80 ಡಿಗ್ರಿಗೆ ಕರಗುವ ನ್ಯಾಫ್ಥಲೀನಿನ ಹೊತ್ತಿಗೆ ಅರ್ಧ ಡಿಗ್ರಿಯೂ ಇರುವುದಿಲ್ಲ.

ಎರಡನೆಯ ದೋಷವು ಇದಕ್ಕಿಂತ ಸ್ವಾರಸ್ಯಕರವಾದದ್ದು. ಅದನ್ನು ನಿಧಾನವಾಗಿ ನೋಡತಕ್ಕದ್ದು. ಹರಳು ಕರಗುವಾಗ ಅದು ಉಷ್ಣವನ್ನು ಹೀರಿಕೊಳ್ಳುತ್ತದೆ, ಆದರೆ ಅದರ ತಾಪ ಏರುವುದಿಲ್ಲ. ಬೆಂಜೋಯಿಕ್ ಆಮ್ಲದ ಒಂದೊಂದು ಗ್ರಾಮಿಗೂ ಸುಮಾರು 147 ಜೂಲುಗಳಷ್ಟು ಗುಪ್ತೋಷ್ಣ ಒದಗಬೇಕು. ಅದು ಒದಗುವವರೆಗೆ ಹರಳು 122.4ರಲ್ಲಿಯೇ ನಿಂತಿರುತ್ತದೆ; ಆದರೆ ಕೆಳಗೆ ಜ್ವಾಲೆ ಉರಿಯುತ್ತಲೇ ಇರುವುದರಿಂದ ಎಣ್ಣೆ ನಿಲ್ಲುವುದಿಲ್ಲ. ಕರಗಲು ಆರಂಭವಾದ ಕ್ಷಣದಲ್ಲಿ ಎಣ್ಣೆ ಹರಳಿಗಿಂತ ಮುಂದಿರುವುದು ಬಹು ಕಡಿಮೆ. ಹೊತ್ತು ಹೋದಂತೆಲ್ಲ ಆ ಮುನ್ನಡೆ ಬೆಳೆಯುತ್ತದೆ. ಕೊನೆಯ ಕಣವು ಕರಗಿ ಲೋಮನಾಳವು ತಿಳಿಯಾಗುವಾಗ ಎಣ್ಣೆ ಎಷ್ಟೋ ಮುಂದೆ ಹೋಗಿರುತ್ತದೆ. ನಾವು ಬರೆದುಕೊಳ್ಳುವುದು ಎಣ್ಣೆಯ ಆ ಅಂಕೆಯನ್ನೇ.

ಮುನ್ನಡೆ ಎಷ್ಟೆಂಬುದಕ್ಕೂ ವೇಗಕ್ಕೂ ಇರುವ ಸಂಬಂಧವನ್ನು ಒಂದು ತ್ರಿಕೋನದಿಂದ ಕಂಡುಕೊಳ್ಳಬಹುದು. ಯಾವುದೇ ಕ್ಷಣದಲ್ಲಿ ಹರಳಿಗೆ ಹರಿದುಬರುವ ಉಷ್ಣವು ಎಣ್ಣೆಯ ಮುನ್ನಡೆಗೆ ಅನುಪಾತದಲ್ಲಿರುತ್ತದೆ. ಮುನ್ನಡೆಯು ಸಮವಾದ ವೇಗದಲ್ಲಿ ಬೆಳೆಯುತ್ತದೆ. ಆದುದರಿಂದ ಕಾಲವನ್ನು ಅಡ್ಡಗೆರೆಯಲ್ಲಿಯೂ ಮುನ್ನಡೆಯನ್ನು ನೆಟ್ಟಗೆರೆಯಲ್ಲಿಯೂ ಗುರುತಿಸಿದರೆ ಒಂದು ತ್ರಿಕೋನವಾಗುತ್ತದೆ. ಅದರ ವಿಸ್ತೀರ್ಣವು ಹರಳಿಗೆ ಒಟ್ಟು ಸಂದ ಉಷ್ಣವನ್ನು ಸೂಚಿಸುತ್ತದೆ. ವೇಗವಾಗಿ ಕಾಯಿಸಿದರೂ ನಿಧಾನವಾಗಿ ಕಾಯಿಸಿದರೂ ಕರಗಲು ಬೇಕಾದ ಉಷ್ಣ ಒಂದೇ ಆದ್ದರಿಂದ ವಿಸ್ತೀರ್ಣವೂ ಒಂದೇ. ವಿಸ್ತೀರ್ಣವೆಂದರೆ ಪಾದವನ್ನು ಎತ್ತರದಿಂದ ಗುಣಿಸಿದುದರ ಅರ್ಧ. ಇಲ್ಲಿ ಪಾದವೆಂಬುದು ಎತ್ತರವನ್ನು ವೇಗದಿಂದ ಭಾಗಿಸಿದಾಗ ಬರುವ ಕಾಲ. ಹಾಗಾದರೆ ಎತ್ತರದ ವರ್ಗವನ್ನು ವೇಗದಿಂದ ಭಾಗಿಸಿದರೆ ಬರುವ ಅಂಕೆ ಬದಲಾಗದೆ ಉಳಿಯಬೇಕು. ಬೇರೆ ಮಾತಿನಲ್ಲಿ, ತಿಳಿಯಾಗುವ ಕ್ಷಣದ ಮುನ್ನಡೆಯು ವೇಗದ ವರ್ಗಮೂಲದಂತೆ ಏರುತ್ತದೆ. ವೇಗವನ್ನು ನಾಲ್ಕು ಪಾಲು ಮಾಡಿದರೆ ದೋಷ ನಾಲ್ಕು ಪಾಲಾಗುವುದಿಲ್ಲ, ಎರಡು ಪಾಲಾಗುತ್ತದೆ.

ಇದನ್ನು ಅಂಕೆಗಳಲ್ಲಿ ಹಿಡಿದು ನೋಡೋಣ. ಗೆರೆಗಳ ಲೋಪವನ್ನೂ ಹೊರಗಿನ ಕಂಬದ ಕೊರತೆಯನ್ನೂ ಸರಿಪಡಿಸಿದ ಮೇಲೆ, ಬೆಂಜೋಯಿಕ್ ಆಮ್ಲವು ತಿಳಿಯಾಗುವ ತಾಪವು ನಿಮಿಷಕ್ಕೆ 4 ಡಿಗ್ರಿಯ ವೇಗದಲ್ಲಿ 124.6 ಎಂದೂ, ನಿಮಿಷಕ್ಕೆ 1 ಡಿಗ್ರಿಯ ವೇಗದಲ್ಲಿ 123.5 ಎಂದೂ ಬಂದಿತೆಂದು ಇಟ್ಟುಕೊಳ್ಳೋಣ. ನಾಲ್ಕರ ವರ್ಗಮೂಲ ಎರಡು, ಒಂದರದು ಒಂದು. ಎರಡರಿಂದ ಒಂದಕ್ಕೆ ಇಳಿದಾಗ ಅಂಕೆ 1.1 ಇಳಿದಿದೆ, ಒಂದರಿಂದ ಸೊನ್ನೆಗೆ ಇಳಿದರೆ ಇನ್ನೂ 1.1 ಇಳಿಯಬೇಕು. ಉಳಿಯುವುದು 122.4. ಕೈಪಿಡಿಯ ಅಂಕೆ ಇದೇ. ನಿಮಿಷಕ್ಕೆ ಕಾಲು ಡಿಗ್ರಿಯ ವೇಗದಲ್ಲಿ ಇನ್ನೊಮ್ಮೆ ಅಳೆದು, 122.9 ಅಥವಾ 123.0 ಬಂದರೆ ನಮ್ಮ ಗೆರೆ ನೆಟ್ಟಗಿದೆಯೆಂದು ನಂಬಬಹುದು. ಈ ನಿಯಮಕ್ಕೂ ಒಂದು ಮಿತಿಯಿದೆ. ಪುಡಿಯ ಎತ್ತರ, ಲೋಮನಾಳದ ದಪ್ಪ, ಎಣ್ಣೆಯ ಸುತ್ತಾಟ ಇವೆಲ್ಲ ಪ್ರತಿ ಬಾರಿಯೂ ಒಂದೇ ಆಗಿದ್ದರೆ ಮಾತ್ರ ಇದು ಸಲ್ಲುತ್ತದೆ. ಮತ್ತು ಇದು ತಿಳಿಯಾಗುವ ಕ್ಷಣಕ್ಕೆ ಸಂಬಂಧಿಸಿದ್ದೇ ಹೊರತು ಮೊದಲ ಹನಿ ಕಾಣುವ ಕ್ಷಣಕ್ಕಲ್ಲ. ಮೊದಲ ಹನಿಯ ಹೊತ್ತಿಗೆ ಮುನ್ನಡೆ ಅಲ್ಪ. ಆದರೆ ಆ ಹನಿಯನ್ನು ಕಾಣುವುದರಲ್ಲಿ ಒಬ್ಬರ ಕಣ್ಣಿಗೂ ಇನ್ನೊಬ್ಬರ ಕಣ್ಣಿಗೂ ಭೇದ ಹೆಚ್ಚು.

ಹಾಗಾದರೆ ನಿಮಿಷಕ್ಕೆ ಹತ್ತನೆಯ ಒಂದು ಡಿಗ್ರಿಯಂತೆ ಕಾಯಿಸಿ ದೋಷವನ್ನೇ ಕರಗಿಸಿಬಿಡಬಾರದೇಕೆ? ವರ್ಗಮೂಲದ ನಿಯಮವೇ ಇದಕ್ಕೆ ಉತ್ತರ ಕೊಡುತ್ತದೆ. ನಿಮಿಷಕ್ಕೆ ಒಂದು ಡಿಗ್ರಿಯಿಂದ ಹತ್ತನೆಯ ಒಂದಕ್ಕೆ ಇಳಿದರೆ ಕಾಯುವ ಹೊತ್ತು ಹತ್ತು ಪಟ್ಟಾಗುತ್ತದೆ, ದೋಷವಾದರೋ ಮೂರನೆಯ ಒಂದು ಪಾಲಿಗೆ ಇಳಿಯುತ್ತದೆ ಅಷ್ಟೆ. ಆ ದೀರ್ಘಕಾಲದಲ್ಲಿ ಸಣ್ಣ ಜ್ವಾಲೆಯು ಗಾಳಿಗೆ ಓಲಾಡಿ ಎಣ್ಣೆಯ ತಾಪವು ಏರುವ ಬದಲು ಇಳಿಯುವುದೂ ಉಂಟು. ಬೆಂಜೋಯಿಕ್ ಆಮ್ಲದಂಥ ವಸ್ತುಗಳು ನಿಧಾನವಾಗಿ ಉತ್ಪತನಗೊಂಡು, ಎಣ್ಣೆಯ ಮಟ್ಟದ ಮೇಲೆ ಲೋಮನಾಳದ ತಣ್ಣನೆಯ ಭಾಗದಲ್ಲಿ ನವುರಾದ ಬಿಳಿಯ ಪೊರೆಯಾಗಿ ಕೂರತೊಡಗುತ್ತವೆ. ಬಿಸಿಗೆ ವಿಘಟಿತವಾಗುವ ವಸ್ತುಗಳ ವಿಚಾರದಲ್ಲಿ ನಿಧಾನವು ಇನ್ನೂ ಹಾನಿಕರ. ಆಸ್ಪಿರಿನ್ ಇದಕ್ಕೆ ಪರಿಚಿತವಾದ ನಿದರ್ಶನ: ಅದರ ದ್ರವನಬಿಂದು 135ರ ಸುಮಾರಿನಲ್ಲಿದ್ದರೂ, ಮೆಲ್ಲಮೆಲ್ಲನೆ ಕಾಯಿಸಿದರೆ ದಾರಿಯಲ್ಲಿಯೇ ಸ್ವಲ್ಪ ಸ್ವಲ್ಪ ಒಡೆದು, ತನ್ನಿಂದಲೇ ಹುಟ್ಟಿದ ಕಲ್ಮಷದೊಡನೆ ಹಲವು ಡಿಗ್ರಿ ಕೆಳಗೆ ಕರಗಿಬಿಡುತ್ತದೆ. ಅಂಥ ವಸ್ತುವಿನ ಲೋಮನಾಳವನ್ನು ಎಣ್ಣೆ ಆ ಬಿಂದುವಿನ ಸಮೀಪಕ್ಕೆ ಬಂದ ಮೇಲೆಯೇ ಒಳಗಿಡಬೇಕು.

ಈ ಎಲ್ಲ ಎಳೆತಗಳ ನಡುವಣ ರಾಜಿಯಾಗಿ ನಿಮಿಷಕ್ಕೆ 1 ಡಿಗ್ರಿಯ ವೇಗವು ರೂಢಿಗೆ ಬಂದಿದೆ. ಔಷಧಕೋಶಗಳೂ ಸಾಮಾನ್ಯವಾಗಿ ಇದನ್ನೇ ವಿಧಿಸುತ್ತವೆ. ಆರಂಭದಿಂದಲೇ ಆ ವೇಗದಲ್ಲಿ ಹೋಗಬೇಕಾದ್ದಿಲ್ಲ. ಅಂದಾಜಿನ ದ್ರವನಬಿಂದುವಿಗೆ 15 ಡಿಗ್ರಿ ಕೆಳಗಿನವರೆಗೆ ಬಿರುಸಾಗಿಯೇ ಕಾಯಿಸಬಹುದು. ಅಲ್ಲಿ ಜ್ವಾಲೆಯನ್ನು ಸರಿಸಿ, ಪಾದರಸದ ಓಟ ತಗ್ಗುವುದನ್ನು ಕಾದು, ಕಿರಿದಾಗಿಸಿದ ಜ್ವಾಲೆಯನ್ನು ಬಾಗಿನ ಬಳಿ ಮತ್ತೆ ತಂದು, ಕೈಗಡಿಯಾರದ ಮುಳ್ಳು ಒಂದು ಸುತ್ತು ಬರುವಷ್ಟರಲ್ಲಿ ಪಾದರಸವು ಒಂದು ಗೆರೆಯಷ್ಟೇ ಏರುತ್ತಿದೆಯೇ ಎಂದು ನೋಡಬೇಕು. ಏರಿಕೆಯು ಕೊನೆಯ ಐದು ಡಿಗ್ರಿಗಳಲ್ಲಿ ಸಮವಾಗಿ ನಡೆದಿರಬೇಕೆಂಬುದೇ ಇದರ ಮರ್ಮ. ಹರಳು ಕರಗುವ ಸಮಯದಲ್ಲಿ ಗಾಬರಿಯಿಂದ ಜ್ವಾಲೆಯನ್ನು ಹಿಂದಕ್ಕೆಳೆದರೆ ತ್ರಿಕೋನದ ಆಕಾರವೇ ಮುರಿಯುತ್ತದೆ. ದ್ರವನಬಿಂದುವೇ ತಿಳಿಯದ ಹೊಸ ವಸ್ತುವಾದರೆ ಮೊದಲು ಒಂದು ಲೋಮನಾಳವನ್ನು ವೇಗವಾಗಿ ಕಾಯಿಸಿ ಅಂದಾಜು ತಿಳಿದು, ಎಣ್ಣೆಯನ್ನು ಆರಗೊಟ್ಟು, ಹೊಸ ಲೋಮನಾಳದಿಂದ ಮತ್ತೆ ಅಳೆಯುವುದು ಕ್ರಮ. ಒಮ್ಮೆ ಕರಗಿ ಗಟ್ಟಿಯಾದದ್ದನ್ನು ಎರಡನೆಯ ಬಾರಿಗೆ ಬಳಸಲಾಗದು. ಅದು ಭಾಗಶಃ ಒಡೆದಿರಬಹುದು, ಇಲ್ಲವೇ ಬೇರೊಂದು ರೂಪದ ಹರಳಾಗಿ ಕಟ್ಟಿರಬಹುದು.

ಈಗ ಒರೆಗಲ್ಲಿನ ಮಾತು. ಅಕ್ಕಸಾಲಿಗನು ಚಿನ್ನವನ್ನು ಕಲ್ಲಿಗೆ ಉಜ್ಜಿ, ಮಾರ್ಪಾಡಿಲ್ಲದ ಮಚ್ಚದ ಗೆರೆಯೊಡನೆ ಹೋಲಿಸಿ ನೋಡುವಂತೆ, ನಾವು ತಾಪಮಾಪಕವನ್ನು ದ್ರವನಬಿಂದು ಖಚಿತವಾಗಿ ತಿಳಿದಿರುವ ಕೆಲವು ಶುದ್ಧವಸ್ತುಗಳೊಡನೆ ಹೋಲಿಸುತ್ತೇವೆ. ನ್ಯಾಫ್ಥಲೀನ್ 80.3, ಅಸೆಟನಿಲೈಡ್ 114.3, ಬೆಂಜೋಯಿಕ್ ಆಮ್ಲ 122.4, ಸ್ಯಾಲಿಸಿಲಿಕ್ ಆಮ್ಲ 159: ಈ ನಾಲ್ಕು ಪ್ಯಾರಾಫಿನ್ ಎಣ್ಣೆಯ ವ್ಯಾಪ್ತಿಗೆ ಸಾಕು. 200 ಡಿಗ್ರಿಯ ಹತ್ತಿರಕ್ಕೆ ಆ ಎಣ್ಣೆ ಹೊಗೆಯಾಡಲಾರಂಭಿಸುವುದರಿಂದ 216ಕ್ಕೆ ಕರಗುವ ಆಂಥ್ರಸೀನಿನಂಥವಕ್ಕೆ ಸಿಲಿಕೋನ್ ಎಣ್ಣೆ ಬೇಕಾಗುತ್ತದೆ. ಇವುಗಳಿಗೆ ಈ ಗೌರವ ಸಲ್ಲುವುದು ಇವು ಸುಲಭವಾಗಿ ಶುದ್ಧವಾಗುತ್ತವೆ, ಗಾಳಿಯ ತೇವವನ್ನು ಹೀರುವುದಿಲ್ಲ, ಕರಗುವಾಗ ಒಡೆಯುವುದಿಲ್ಲ ಎಂಬ ಕಾರಣದಿಂದ. 132.7 ಡಿಗ್ರಿಯ ಯೂರಿಯಾ ಅನೇಕ ಪಟ್ಟಿಗಳಲ್ಲಿ ಕಾಣುತ್ತದಾದರೂ, ಅದು ತೇವಕ್ಕೆ ಮೆತ್ತಗಾಗುವುದರಿಂದಲೂ ಕರಗಿದ ಕೂಡಲೇ ಒಡೆಯತೊಡಗುವುದರಿಂದಲೂ ನಾನು ಅದನ್ನು ಒರೆಗಲ್ಲಾಗಿ ಒಪ್ಪಲಾರೆ.

ಒರೆಗಲ್ಲೇ ಕಲ್ಮಷವಾಗಿದ್ದರೆ ಗತಿಯೇನು ಎಂಬ ಸಂದೇಹ ಸಹಜವಾದದ್ದು. ಬೆಂಜೋಯಿಕ್ ಆಮ್ಲವು ಕುದಿಯುವ ನೀರಿನಲ್ಲಿ ಧಾರಾಳವಾಗಿ ಕರಗಿ, ಕೋಣೆಯ ತಾಪದಲ್ಲಿ ಲೀಟರಿಗೆ ಮೂರು ಗ್ರಾಮಿಗೆ ತುಸು ಮೇಲ್ಪಟ್ಟು ಮಾತ್ರ ಉಳಿಯುವುದರಿಂದ, ಬಿಸಿ ದ್ರಾವಣವನ್ನು ಸೋಸಿ ಮೆಲ್ಲನೆ ಆರಗೊಟ್ಟರೆ ಹೊಳೆಯುವ ರೇಕುಗಳಾಗಿ ಹೊರಬೀಳುತ್ತದೆ. ಅವನ್ನು ಸೋಸಿ, ತಣ್ಣೀರಿನಲ್ಲಿ ತೊಳೆದು, ಸಂಪೂರ್ಣವಾಗಿ ಒಣಗಿಸಬೇಕು. ಈ ಒಣಗಿಸುವಿಕೆಯಲ್ಲಿಯೇ ಆತುರ ಹೆಚ್ಚು. ಉಳಿದ ತೇವವೂ ಒಂದು ಕಲ್ಮಷವೇ ಆಗಿ ಕರಗುವಿಕೆಯನ್ನು ಕೆಳಕ್ಕೆಳೆಯುತ್ತದೆ, ಲೋಮನಾಳದಲ್ಲಿ ಪುಡಿಯು ಕರಗುವ ಮುಂಚೆಯೇ ಗೋಡೆ ಬಿಟ್ಟು ಕುಗ್ಗುವುದು ಇದರ ಕುರುಹು. ಹೀಗೆ ಪುನಃ ಪುನಃ ಸ್ಫಟಿಕೀಕರಿಸಿದಾಗ, ಮೊದಲ ಹನಿಯಿಂದ ತಿಳಿಯಾಗುವವರೆಗಿನ ವ್ಯಾಪ್ತಿಯು ಕಿರಿದಾಗುತ್ತ ಬಂದು, ಇನ್ನೊಮ್ಮೆ ಶುದ್ಧೀಕರಿಸಿದರೂ ಬದಲಾಗದ ಹಂತ ಬರುತ್ತದೆ. ಅಲ್ಲಿ ನಿಲ್ಲಿಸಬಹುದು. ತಾಪಮಾಪಕವು ತಪ್ಪು ಹೇಳುತ್ತಿದ್ದರೂ ಈ ಪರೀಕ್ಷೆಗೆ ಬಾಧೆಯಿಲ್ಲವೆಂಬುದನ್ನು ಗಮನಿಸಬೇಕು. ಇಲ್ಲಿ ನೋಡುತ್ತಿರುವುದು ಅಂಕೆಯನ್ನಲ್ಲ, ಅಂಕೆ ಅಲುಗದಿರುವುದನ್ನು. ಪ್ರಮಾಣಪತ್ರದೊಡನೆ ಬರುವ ಮಾದರಿಗಳನ್ನು ಕೊಂಡುಕೊಳ್ಳುವವರು ಪತ್ರದಲ್ಲಿ ಕಾಣಿಸಿದ ಅಂಕೆಯು ಸಮಸ್ಥಿತಿಯ ಅಂಕೆಯೋ ಅಥವಾ ನಿರ್ದಿಷ್ಟ ವೇಗದಲ್ಲಿ ತಿಳಿಯಾಗುವ ಅಂಕೆಯೋ ಎಂಬುದನ್ನು ಮೊದಲು ಓದಿಕೊಳ್ಳಬೇಕು. ಅಸೆಟನಿಲೈಡಿಗೆ ಪುಸ್ತಕಗಳಲ್ಲಿ 114ರಿಂದ 116ರವರೆಗೆ ಬೇರೆ ಬೇರೆ ಅಂಕೆಗಳು ಕಾಣುವುದಕ್ಕೆ ಈ ಭೇದವೂ ಒಂದು ಕಾರಣ.

ಇನ್ನು ಒಂದು ತಾಪಮಾಪಕದ ಲೆಕ್ಕವನ್ನು ಪೂರ್ತಿಯಾಗಿ ಬಿಡಿಸೋಣ. ಎಲ್ಲ ಅಳತೆಗಳೂ ನಿಮಿಷಕ್ಕೆ 1 ಡಿಗ್ರಿಯ ವೇಗದಲ್ಲಿ, ಪುಡಿ ತಿಳಿಯಾದ ಕ್ಷಣದಲ್ಲಿ ಓದಿದವು. ಯಾವ ತಿದ್ದುಪಾಟನ್ನೂ ಮುಂಚಿತವಾಗಿ ಮಾಡಿಲ್ಲ. ನ್ಯಾಫ್ಥಲೀನಿಗೆ 81.0 ಬಂದಿದೆ, ಇರಬೇಕಾದದ್ದು 80.3, ಆದ್ದರಿಂದ 0.7 ಕಳೆಯಬೇಕು. ಬೆಂಜೋಯಿಕ್ ಆಮ್ಲಕ್ಕೆ 122.4 ಬಂದಿದೆ, ತಿದ್ದುಪಾಟು ಸೊನ್ನೆ. ಸ್ಯಾಲಿಸಿಲಿಕ್ ಆಮ್ಲಕ್ಕೆ 158.0 ಬಂದಿದೆ, 1.0 ಕೂಡಿಸಬೇಕು. ಬೆಂಜೋಯಿಕ್ ಆಮ್ಲವೊಂದನ್ನೇ ಅಳೆದು ಸುಮ್ಮನಾದವರು ತಮ್ಮ ತಾಪಮಾಪಕವು ನಿರ್ದುಷ್ಟವೆಂದು ಸಂತೋಷಪಟ್ಟಾರು. ನಡೆದಿರುವುದಾದರೋ ಬೇರೆ: ಹೊರಗಿನ ಕಂಬದ ಕೊರತೆಯು ಅಂಕೆಯನ್ನು 1.1 ಡಿಗ್ರಿಯಷ್ಟು ಕೆಳಕ್ಕೆ ಎಳೆದಿದೆ, ಎಣ್ಣೆಯ ಮುನ್ನಡೆಯು ಅಷ್ಟನ್ನೇ ಮೇಲಕ್ಕೆ ನೂಕಿದೆ. ಎರಡು ತಪ್ಪುಗಳು ಅಲ್ಲಿ ಆಕಸ್ಮಿಕವಾಗಿ ಒಂದನ್ನೊಂದು ನುಂಗಿಕೊಂಡಿವೆ. ಮುನ್ನಡೆ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ಇರುತ್ತದೆ, ಕಂಬದ ಕೊರತೆ ಮಾತ್ರ ತಾಪದೊಡನೆ ಬೆಳೆಯುತ್ತದೆ. ಅದಕ್ಕಾಗಿಯೇ 80ರ ಬಳಿ ಅಂಕೆ ಹೆಚ್ಚಾಗಿಯೂ 159ರ ಬಳಿ ಕಡಿಮೆಯಾಗಿಯೂ ಬಂದಿದೆ. ಅದೇ ತಾಪಮಾಪಕವನ್ನು ನಿಮಿಷಕ್ಕೆ 4 ಡಿಗ್ರಿಯ ವೇಗದಲ್ಲಿ ಬಳಸಿದವಳಿಗೆ ಅದೇ ಬೆಂಜೋಯಿಕ್ ಆಮ್ಲ 123.5ರಲ್ಲಿ ತಿಳಿಯಾಗುತ್ತದೆ, ಆಕೆಗೆ ಈ ಪಟ್ಟಿಯಿಂದ ಉಪಕಾರವಿಲ್ಲ, ಅಪಕಾರವೇ ಹೆಚ್ಚು. ತಿದ್ದುಪಾಟಿನ ಪಟ್ಟಿಯೆಂಬುದು ತಾಪಮಾಪಕವೊಂದಕ್ಕೇ ಸೇರಿದ್ದಲ್ಲ; ಅದು ಆ ತಾಪಮಾಪಕ, ಆ ನಳಿಗೆ, ಆ ಮುಳುಗಿನ ಆಳ, ಆ ವೇಗ ಇವೆಲ್ಲ ಕೂಡಿದ ಸಂಸಾರಕ್ಕೆ ಸೇರಿದ್ದು.

ಓದಿದ ಅಂಕೆಗಳನ್ನು ಅಡ್ಡಗೆರೆಯಲ್ಲಿಯೂ ತಿದ್ದುಪಾಟುಗಳನ್ನು ನೆಟ್ಟಗೆರೆಯಲ್ಲಿಯೂ ಗುರುತಿಸಿ ಬಿಂದುಗಳನ್ನು ಕೂಡಿಸಿದರೆ, ಅಳೆಯದ ಎಡೆಗಳಲ್ಲಿಯೂ ತಿದ್ದುಪಾಟನ್ನು ಓದಿಕೊಳ್ಳಬಹುದು. ಗೊತ್ತಿಲ್ಲದ ಒಂದು ವಸ್ತು ಇದೇ ಏರ್ಪಾಡಿನಲ್ಲಿ 140.2ರಲ್ಲಿ ತಿಳಿಯಾಯಿತೆನ್ನೋಣ. ಅದು 122.4ಕ್ಕೂ 158.0ಕ್ಕೂ ಸರಿಯಾಗಿ ನಡುವೆ ಇರುವುದರಿಂದ ತಿದ್ದುಪಾಟು ಸೊನ್ನೆಗೂ ಒಂದಕ್ಕೂ ನಡುವಣ 0.5, ವಸ್ತುವಿನ ದ್ರವನಬಿಂದು 140.7. ತುದಿಗಳಿಂದಾಚೆಗೆ, 200ರ ಕಡೆಗೋ 50ರ ಕಡೆಗೋ, ಈ ಗೆರೆಯನ್ನು ಎಳೆದುಕೊಂಡು ಹೋಗುವ ಅಧಿಕಾರ ನಮಗಿಲ್ಲ.

ಪಟ್ಟಿಯಲ್ಲಿ ತಪ್ಪು ನುಸುಳಿದರೆ ತಿಳಿಯುವುದು ಹೇಗೆ? ಅಸೆಟನಿಲೈಡನ್ನು ನಾನು ಇದಕ್ಕಾಗಿಯೇ ಉಳಿಸಿಕೊಂಡಿದ್ದೇನೆ. ಮೇಲಿನ ಗೆರೆಯ ಪ್ರಕಾರ 114ರ ಬಳಿ ತಿದ್ದುಪಾಟು 0.1ರಷ್ಟು ಕಳೆಯುವುದು ಮಾತ್ರ. ಎಂದರೆ ಅದು 114.4ರಲ್ಲಿ ತಿಳಿಯಾಗಬೇಕು. 114.3 ಅಥವಾ 114.6 ಬಂದರೆ ಚಿಂತೆಯಿಲ್ಲ. 113.2 ಬಂದು, ಮೊದಲ ಹನಿಯು ಅದಕ್ಕೂ ಮೂರು ಡಿಗ್ರಿ ಕೆಳಗೆ ಕಂಡಿದ್ದರೆ, ದೋಷ ಆ ಮಾದರಿಯದು. ತಾಪಮಾಪಕಕ್ಕೆ ತಪ್ಪು ಹೊರಿಸಲಾಗದು, ಏಕೆಂದರೆ ತಾಪಮಾಪಕದ ದೋಷವು ಅಂಕೆಯನ್ನು ಸರಿಸಬಲ್ಲುದೇ ಹೊರತು ಕರಗುವ ವ್ಯಾಪ್ತಿಯನ್ನು ಅಗಲಿಸಲಾರದು. ವ್ಯಾಪ್ತಿ ಕಿರಿದಾಗಿಯೇ ಇದ್ದು ಎಲ್ಲ ವಸ್ತುಗಳ ಅಂಕೆಯೂ ಒಂದೇ ಸಮನಾಗಿ ಮೂರು ನಾಲ್ಕು ಡಿಗ್ರಿ ಹೆಚ್ಚಾಗಿ ಬಂದಿದ್ದರೆ, ಪಾದರಸದ ಕಂಬವು ಎಲ್ಲಿಯಾದರೂ ತುಂಡಾಗಿ ನಡುವೆ ಕೂದಲೆಳೆಯಷ್ಟು ಖಾಲಿ ಜಾಗವಿದೆಯೇ ಎಂದು ಭೂತಗನ್ನಡಿಯಿಂದ ನೋಡಬೇಕು. ಒಂದೇ ವಸ್ತುವಿನ ಅಂಕೆ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಬರುತ್ತಿದ್ದರೆ ವೇಗವು ಸಮವಾಗಿಲ್ಲವೆಂದೋ ಲೋಮನಾಳವು ಬುರುಡೆಯಿಂದ ಸರಿದಿದೆಯೆಂದೋ ಊಹಿಸಬಹುದು.

ಈಚಿನ ವಿದ್ಯುತ್ ಉಪಕರಣಗಳಲ್ಲಿ ಎಣ್ಣೆಗೆ ಬದಲಾಗಿ ಲೋಹದ ದಿಂಡೂ ಪಾದರಸಕ್ಕೆ ಬದಲಾಗಿ ಪ್ಲಾಟಿನಂ ತಂತಿಯ ಶೋಧಕವೂ ಬಂದಿವೆ. ವೇಗವನ್ನು ಗುಂಡಿ ಒತ್ತಿ ನಿಗದಿಪಡಿಸಬಹುದು. ಹೊರಗಿನ ಕಂಬದ ಕೊರತೆ ಅಲ್ಲಿ ಇಲ್ಲವಾಗಿದೆ. ಆದರೆ ಶೋಧಕ ಇರುವುದು ದಿಂಡಿನಲ್ಲಿ, ಹರಳಿನಲ್ಲಲ್ಲ; ಆದ್ದರಿಂದ ಮುನ್ನಡೆಯ ತ್ರಿಕೋನ ಅಲ್ಲಿಯೂ ಹಾಗೆಯೇ ಇದೆ, ಪಟ್ಟಿಯೂ ಬೇಕು.

ಪಾದರಸದ ತಾಪಮಾಪಕವನ್ನೇ ಬಳಸುವವರು ಪಟ್ಟಿ ಮಾಡಿದ ಮೇಲೆ ಅದರ ಸೊನ್ನೆಯನ್ನು ಆಗಾಗ ನೋಡಿಕೊಳ್ಳುತ್ತಿರಬೇಕು. ಬುರುಡೆಯ ಗಾಜು ವರ್ಷಗಳ ಕಾಲ ಬಹು ಸೂಕ್ಷ್ಮವಾಗಿ ಕುಗ್ಗುತ್ತಲೇ ಇರುತ್ತದೆ. ಕುಗ್ಗಿದ ಬುರುಡೆಯಿಂದ ಪಾದರಸವು ಮೇಲಕ್ಕೆ ತಳ್ಳಲ್ಪಟ್ಟು ಎಲ್ಲ ಅಂಕೆಗಳೂ ತುಸು ಹೆಚ್ಚುತ್ತವೆ. ಶುದ್ಧವಾದ ನೀರಿನಿಂದ ಮಾಡಿದ ಮಂಜುಗಡ್ಡೆಯನ್ನು ಪುಡಿಮಾಡಿ, ಅದೇ ಶುದ್ಧ ನೀರಿನಿಂದ ತೋಯಿಸಿ, ತಾಪಮಾಪಕವನ್ನು ಸೊನ್ನೆಯ ಗೆರೆಯವರೆಗೆ ಅದರಲ್ಲಿ ಹೂತು ನೋಡಬೇಕು. ಪಟ್ಟಿ ಮಾಡಿದ ದಿನ ಅಲ್ಲಿ 0.0 ಇದ್ದದ್ದು ಈಗ 0.3 ಆಗಿದ್ದರೆ, ಗೆರೆಯ ಆಕಾರವನ್ನು ಬದಲಿಸದೆ ಪ್ರತಿಯೊಂದು ತಿದ್ದುಪಾಟಿನಿಂದಲೂ 0.3ನ್ನು ಕಳೆದರೆ ಸಾಕು: ಮೇಲಿನ 140.2ಕ್ಕೆ ಕೂಡಿಸಬೇಕಾದದ್ದು 0.5 ಅಲ್ಲ, 0.2. ಆದರೆ ಈ ಪರೀಕ್ಷೆಯನ್ನು ಬಿಸಿ ಎಣ್ಣೆಯಿಂದ ತೆಗೆದ ದಿನವೇ ಮಾಡಬಾರದು. ಹೆಚ್ಚು ತಾಪಕ್ಕೆ ಹೋಗಿ ಬಂದ ಬುರುಡೆಯು ಹಿಗ್ಗಿದ್ದು ಕೂಡಲೇ ಪೂರ್ತಿಯಾಗಿ ಕುಗ್ಗದೆ ಸೊನ್ನೆಯನ್ನು ತಾತ್ಕಾಲಿಕವಾಗಿ ಕೆಳಗೆ ತೋರಿಸುತ್ತದೆ. ಎರಡು ಮೂರು ದಿನ ಕೋಣೆಯ ತಾಪದಲ್ಲಿ ಬಿಟ್ಟು ಆಮೇಲೆ ನೋಡತಕ್ಕದ್ದು.